ವೆಟ್ ಗ್ರೈಂಡರ್ ಅಥವಾ ಮಿಕ್ಸಿ: ಮುಂಬೈಯ ಸಣ್ಣ ಅಡುಗೆಮನೆಗೆ ಯಾವುದು ಸರಿ?

2 ಲೀಟರ್ ಟೇಬಲ್‌ಟಾಪ್ ವೆಟ್ ಗ್ರೈಂಡರ್ ಮತ್ತು 750 ವ್ಯಾಟ್ ಮಿಕ್ಸಿ: ಇಡ್ಲಿ ಹಿಟ್ಟು, ಮಸಾಲೆ, ಚಟ್ನಿಪುಡಿ, ಕರೆಂಟು, ಸದ್ದು, ಜಾಗ ಮತ್ತು ರಿಪೇರಿಯ ವಿಷಯದಲ್ಲಿ ಎರಡರ ಹೋಲಿಕೆ.

ಮಾಟುಂಗಾದ ನಮ್ಮ ಅಂಗಡಿಯಲ್ಲಿ ಎರಡನ್ನೂ ಮಾರುತ್ತೇವೆ. ಇಲ್ಲಿ ಹೋಲಿಸಿರುವ ಮಿಕ್ಸಿಯ ಬೆಲೆ ನಮ್ಮಲ್ಲಿ 3,850 ರೂಪಾಯಿ, ಗ್ರೈಂಡರಿನದು 4,900 ರೂಪಾಯಿ. ದುಬಾರಿಯಾದದ್ದನ್ನು ಹೊಗಳಿದರೆ ನಮಗೆ ಲಾಭವಿದೆ ಎಂಬುದು ಓದುವವರಿಗೆ ಮೊದಲೇ ಗೊತ್ತಿರಲಿ ಎಂದು ಬೆಲೆಯನ್ನು ಮೇಲೆಯೇ ಬರೆದಿದ್ದೇವೆ. ಗ್ರೈಂಡರ್ ಕೊಂಡು ಆರು ತಿಂಗಳಿಗೆ ಅಟ್ಟಕ್ಕೆ ಏರಿಸಿದವರನ್ನೂ, ಮಿಕ್ಸಿಯಲ್ಲಿಯೇ ನಾಲ್ಕು ಜನರ ಇಡ್ಲಿಗೆ ರುಬ್ಬಿ ಮೋಟಾರು ಸುಟ್ಟುಕೊಂಡವರನ್ನೂ ನಾವು ಕಂಡಿದ್ದೇವೆ. ಇಬ್ಬರಿಗೂ ಮಾರುವಾಗ ಸರಿಯಾಗಿ ವಿಚಾರಿಸದೆ ಇದ್ದದ್ದು ನಮ್ಮದೇ ತಪ್ಪು.

ಈ ಎರಡು ಯಂತ್ರಗಳು ಹುಟ್ಟಿದ್ದೇ ಬೇರೆ ಬೇರೆ ಕೆಲಸಕ್ಕೆ. ಭಾರತದ ಅಡುಗೆಗೆ ತಕ್ಕಂತೆ ಅರಿಸಿನ, ಒಣಮೆಣಸು, ಕೊಬ್ಬರಿಯನ್ನು ಅರೆಯಬಲ್ಲ ಬಲವಾದ ಮೋಟಾರಿನ ಮಿಕ್ಸಿಯನ್ನು 1960ರ ದಶಕದಲ್ಲಿ ಇದೇ ಮುಂಬೈಯಲ್ಲಿ ಎಂಜಿನಿಯರ್ ಸತ್ಯ ಪ್ರಕಾಶ್ ಮಾಥುರ್ ರೂಪಿಸಿದರು. ವೆಟ್ ಗ್ರೈಂಡರ್ ಕೊಯಮತ್ತೂರಿನ ಕೂಸು. ಅಲ್ಲಿನ ಗ್ರೈಂಡರಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಒಂದು ಬ್ಲೇಡಿನಿಂದ ಕತ್ತರಿಸುತ್ತದೆ, ಇನ್ನೊಂದು ಕಲ್ಲಿನ ನಡುವೆ ಅರೆಯುತ್ತದೆ. ಮುಂದೆ ಬರುವ ವ್ಯತ್ಯಾಸಗಳು ಹೆಚ್ಚಿನ ಮಟ್ಟಿಗೆ ಇದರಿಂದಲೇ ಹುಟ್ಟಿದವು.

ಇಡ್ಲಿ ಹಿಟ್ಟಿಗೆ ಮಿಕ್ಸಿ ಸಾಕೇ?

ನಮ್ಮನ್ನು ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು, ಆದ್ದರಿಂದ ಡೊಂಬಿವಲಿಯಲ್ಲಿ ಅತ್ತಿಗೆಯ ಮನೆಯಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ರುಬ್ಬಿ ನೋಡಿದೆವು. ಒಂದೇ ಪೊಟ್ಟಣದ ಉದ್ದಿನಬೇಳೆಯನ್ನು 200 ಗ್ರಾಮಿನಂತೆ ಎರಡು ಪಾಲು ಮಾಡಿ, ನಾಲ್ಕು ಗಂಟೆ ನೆನೆಸಿದ್ದೆವು. ಗ್ರೈಂಡರಿಗೆ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸುತ್ತ ಹೋದಾಗ ಇಪ್ಪತ್ತೈದು ನಿಮಿಷಕ್ಕೆ ಹಿಟ್ಟು ಉಬ್ಬಿ, ಕಲ್ಲಿನ ಮೇಲೆ ಬೆಣ್ಣೆಯಂತೆ ಏರಿತು. ಅಳೆದಾಗ ಒಂದೂಕಾಲು ಲೀಟರ್ ಇತ್ತು. ಮಿಕ್ಸಿಯಲ್ಲಿ ಎರಡು ಸಲವಾಗಿ, ನಡುನಡುವೆ ನಿಲ್ಲಿಸಿ, ಒಟ್ಟು ಎಂಟು ನಿಮಿಷ ಓಡಿಸಿದ ಹಿಟ್ಟು ನುಣ್ಣಗೇ ಆಯಿತು, ಆದರೆ ಅದೇ ಪಾತ್ರೆಯಲ್ಲಿ ಒಂದು ಲೀಟರಿನ ಗೆರೆಗಿಂತ ಒಂದು ಬೆರಳು ಕೆಳಗೆ ನಿಂತಿತು. ಚಿಟಿಕೆ ಹಿಟ್ಟನ್ನು ನೀರಿಗೆ ಬಿಟ್ಟಾಗ ಗ್ರೈಂಡರಿನದು ಥಟ್ಟನೆ ತೇಲಿತು. ಮಿಕ್ಸಿಯದು ಅರ್ಧ ಮುಳುಗಿ ನಿಧಾನವಾಗಿ ಮೇಲೆ ಬಂತು.

ಕಾರಣ ಸರಳ. ಕಲ್ಲು ನಿಧಾನವಾಗಿ ತಿರುಗುತ್ತ ಹಿಟ್ಟನ್ನು ಮಡಚಿ ಮಡಚಿ ಗಾಳಿ ಸೇರಿಸುತ್ತದೆ ಮತ್ತು ಬಿಸಿ ಹೆಚ್ಚು ಏರುವುದಿಲ್ಲ. ಮಿಕ್ಸಿಯ ಬ್ಲೇಡು ಅತಿವೇಗದಲ್ಲಿ ತಿರುಗುವುದರಿಂದ ಜಾರಿನ ತಳ ಕೈಗೆ ಬೆಚ್ಚಗೆ ಹತ್ತುತ್ತದೆ, ಹಿಟ್ಟು ಕೆಳಗೆ ಇಳಿಯಲೆಂದು ನಾವೂ ನೀರು ಹೆಚ್ಚು ಸುರಿಯುತ್ತೇವೆ. ಮೇ ತಿಂಗಳ ಮುಂಬೈಯಲ್ಲಿ ಹೀಗೆ ಬಿಸಿಯಾದ ಹಿಟ್ಟು ರಾತ್ರಿ ಬೆಳಗಾಗುವಷ್ಟರಲ್ಲಿ ಹುಳಿ ಬಂದುಬಿಡುತ್ತದೆ. ಫ್ರಿಜ್ಜಿನ ನೀರು ಹಾಕಿ, ಜಾರನ್ನು ಅರ್ಧಕ್ಕಿಂತ ಹೆಚ್ಚು ತುಂಬದೆ ರುಬ್ಬಿದರೆ ಈ ದೋಷ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ.

ಇಲ್ಲಿ ಮಿಕ್ಸಿಯ ಪರವಾಗಿ ಒಂದು ಮಾತು ಹೇಳಲೇಬೇಕು. ಅಕ್ಕಿ ರುಬ್ಬುವ ಬದಲು ಇಡ್ಲಿ ರವೆ ಬಳಸುವ ಮನೆಗಳಲ್ಲಿ ರುಬ್ಬಬೇಕಾದದ್ದು ಉದ್ದು ಮಾತ್ರ. ಇಬ್ಬರು ಅಥವಾ ಮೂವರಿಗೆ, ವಾರಕ್ಕೊಮ್ಮೆ, ಅಷ್ಟು ಉದ್ದಿಗೆ ಮಿಕ್ಸಿ ಸಾಕು. ನೀರುದೋಸೆಯ ಅಕ್ಕಿಗೂ ಸಾಕು, ಏಕೆಂದರೆ ಅದಕ್ಕೆ ಗಾಳಿಯೂ ಬೇಡ, ಹುಳಿಯೂ ಬೇಡ. ಆದರೆ ಉದ್ದಿನ ವಡೆಯ ಹಿಟ್ಟು ನೀರಿಲ್ಲದೆ ಗಟ್ಟಿಯಾಗಿ, ಹಗುರವಾಗಿ ಬರಬೇಕು. ಆ ಕೆಲಸದಲ್ಲಿ ಗ್ರೈಂಡರಿಗೆ ಮಿಕ್ಸಿ ಸಾಟಿಯಲ್ಲ.

ಮಸಾಲೆ, ಚಟ್ನಿಪುಡಿಗೆ ಯಾವುದು ಬೇಕು?

ಹುಬ್ಬಳ್ಳಿ, ಧಾರವಾಡದ ಕಡೆಯಿಂದ ಬಂದವರು ಶೇಂಗಾ ಚಟ್ನಿಪುಡಿ, ಅಗಸಿ ಹಿಂಡಿ, ಮಸಾಲೆ ಖಾರ ಎಂದು ಕೇಳಿದರೆ ಮಿಕ್ಸಿ ಬಿಟ್ಟು ಬೇರೆ ಉತ್ತರವಿಲ್ಲ. ವೆಟ್ ಗ್ರೈಂಡರಿನಲ್ಲಿ ಒಣ ಪದಾರ್ಥ ಹಾಕುವಂತೆಯೇ ಇಲ್ಲ. ಕಲ್ಲು ಹಾಳಾಗುತ್ತದೆ, ಪುಡಿಯೂ ಆಗುವುದಿಲ್ಲ. ಬೆಳಗ್ಗೆ ಒಂದು ಹಿಡಿ ತೆಂಗಿನಕಾಯಿಯ ಚಟ್ನಿಗೆ ದೊಡ್ಡ ಡ್ರಮ್ಮು ಹೂಡುವುದೂ ವ್ಯರ್ಥ, ಅಷ್ಟು ಸ್ವಲ್ಪ ಕಲ್ಲಿನ ಅಡಿಗೆ ಸಿಗದೆ ಗೋಡೆಗೆ ಅಂಟಿಕೊಳ್ಳುತ್ತದೆ.

ಕರಾವಳಿಯವರ ಮೀನಿನ ಸಾರಿನ ಮಸಾಲೆಯ ವಿಷಯ ಹಾಗಲ್ಲ. ಬ್ಯಾಡಗಿ ಮೆಣಸು ಮತ್ತು ಕಾಯಿತುರಿ ಗಂಧದಂತೆ ನುಣ್ಣಗೆ ಬರಬೇಕೆನ್ನುವವರಿಗೆ ಕಲ್ಲಿನ ಅರೆತ ಹೆಚ್ಚು ಹಿಡಿಸುತ್ತದೆ. ಆದರೆ ಬೆಳಗ್ಗೆ ಎಂಟೂ ಹತ್ತರ ಲೋಕಲ್ ಹಿಡಿಯುವವರಿಗೆ ಅರ್ಧ ಗಂಟೆ ಮಸಾಲೆ ಅರೆಯುವ ಬಿಡುವು ಎಲ್ಲಿಂದ ಬರಬೇಕು? ಅಂಥ ಮನೆಗಳಲ್ಲಿ ಮೆಣಸನ್ನು ಬಿಸಿನೀರಿನಲ್ಲಿ ನೆನೆಸಿ ಮಿಕ್ಸಿಗೆ ಹಾಕುವುದೇ ನಡೆದುಬಂದಿರುವ ದಾರಿ, ರುಚಿಯೂ ಕೆಡುವುದಿಲ್ಲ.

ಕರೆಂಟು ಯಾವುದಕ್ಕೆ ಹೆಚ್ಚು?

ಗ್ರೈಂಡರಿನ ಮೋಟಾರು 150 ವ್ಯಾಟ್. ಅರ್ಧ ಗಂಟೆ ಓಡಿದರೆ 0.075 ಯೂನಿಟ್. ಮಿಕ್ಸಿ 750 ವ್ಯಾಟ್; ಪೂರ್ಣ ಭಾರದಲ್ಲಿ ಎಂಟು ನಿಮಿಷ ಓಡಿದರೆ 0.1 ಯೂನಿಟ್. ಬಿಲ್ಲಿನಲ್ಲಿ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ, ಇದನ್ನು ನೋಡಿ ಆಯ್ಕೆ ಮಾಡಬೇಡಿ.

ಜಾಗ, ಭಾರ, ಸದ್ದು

ಚಾಳಿನಲ್ಲಿ ಅಥವಾ ಒಂದು ಕೋಣೆಯ ಫ್ಲ್ಯಾಟಿನಲ್ಲಿ ಇರುವವರು ರುಚಿಗಿಂತ ಮೊದಲು ಇದನ್ನೇ ಯೋಚಿಸಬೇಕು ಎಂಬುದು ನಮ್ಮ ಅಭಿಪ್ರಾಯ. ಈ ಗ್ರೈಂಡರ್ 12 ಕಿಲೋ ತೂಗುತ್ತದೆ. ಅಡುಗೆ ಕಟ್ಟೆಯ ಮೇಲೆ ಒಂದೇ ಕಡೆ ನಿಲ್ಲುವ ಜಾಗವಿದ್ದರೆ ದಿನವೂ ಬಳಸುತ್ತೀರಿ. ಪ್ರತಿ ಸಲ ಅಟ್ಟದಿಂದ ಇಳಿಸಬೇಕಾದರೆ ಎರಡು ತಿಂಗಳಿಗೆ ಬಿಟ್ಟುಬಿಡುತ್ತೀರಿ, ಅದರಲ್ಲೂ ಸೊಂಟನೋವು ಇರುವ ಹಿರಿಯರು ಮನೆಯಲ್ಲಿದ್ದರೆ ಆ ಭಾರವನ್ನು ಎತ್ತಿಸುವುದು ಸರಿಯಲ್ಲ. ಕೊಳ್ಳುವ ಮೊದಲು ಕಟ್ಟೆಯನ್ನು ಟೇಪು ಹಿಡಿದು ಅಳೆಯಿರಿ: ಉದ್ದ ಅಗಲ ಎರಡೂ ಒಂದೂವರೆ ಅಡಿ ಖಾಲಿ ಬೇಕು, ಮೇಲಿನ ಕಪಾಟು ಮುಚ್ಚಳ ತೆಗೆಯಲು ಅಡ್ಡ ಬರಬಾರದು. ತೊಳೆಯುವುದಕ್ಕೂ ಡ್ರಮ್ಮು, ಕಲ್ಲು ಎರಡನ್ನೂ ಹೊರಗೆ ತೆಗೆಯಬೇಕು. ಮಿಕ್ಸಿಗೆ ಒಂದು ಜಾರು ತೊಳೆದರೆ ಮುಗಿಯಿತು.

ಸದ್ದಿನಲ್ಲಿ ಗ್ರೈಂಡರ್ ಮೇಲು. ಅದರ ಗುರುಗುರು ಹೆಚ್ಚು ಹೊತ್ತು ಇದ್ದರೂ ಪಕ್ಕದ ಕೋಣೆಯಲ್ಲಿ ಮಗು ಮಲಗಬಹುದು. ಮಿಕ್ಸಿ ಬೆಳಗ್ಗೆ ಆರಕ್ಕೆ ಕಿರುಚಿದರೆ ಗೋಡೆಯಾಚೆಯ ಮನೆಯವರೂ ಏಳುತ್ತಾರೆ.

ರಿಪೇರಿ

ಮಿಕ್ಸಿಯ ಕಪ್ಲರ್, ಜಾರಿನ ಬುಷ್, ಬ್ಲೇಡು ಸವೆಯುವ ಭಾಗಗಳು. ಮುಂಬೈಯ ಯಾವ ಬಡಾವಣೆಯಲ್ಲಾದರೂ ರಿಪೇರಿ ಮಾಡುವವರು ಸಿಗುತ್ತಾರೆ. ಮಿಕ್ಸಿ ಏಕಾಏಕಿ ನಿಂತರೆ ಗಾಬರಿಯಾಗದೆ ತಳದಲ್ಲಿರುವ ಕೆಂಪು ಗುಂಡಿಯನ್ನು, ಯಂತ್ರ ತಣ್ಣಗಾದ ಮೇಲೆ, ಒಮ್ಮೆ ಒತ್ತಿ ನೋಡಿ: ಅದು ಮಿತಿಮೀರಿದ ಭಾರಕ್ಕೆ ಮೋಟಾರನ್ನು ಕಾಯುವ ಸ್ವಿಚ್ಚು, ಕೆಟ್ಟುಹೋದ ಗುರುತಲ್ಲ. ಗ್ರೈಂಡರಿನಲ್ಲಿ ಬೆಲ್ಟು ಸಡಿಲವಾಗುತ್ತದೆ, ಕಲ್ಲು ವರ್ಷಗಳ ಮೇಲೆ ನಯವಾಗುತ್ತದೆ. ಬಿಡಿಭಾಗ ತಯಾರಕರಿಂದಲೇ ತರಿಸಬೇಕಾಗುವುದರಿಂದ ಕೆಲವೊಮ್ಮೆ ವಾರ ಕಾಯಬೇಕು.

ನಾವು ಯಾರಿಗೆ ಯಾವುದನ್ನು ಕೊಡುತ್ತೇವೆ?

ಮನೆಯಲ್ಲಿ ಎರಡೂ ಇಲ್ಲದಿದ್ದರೆ ಮೊದಲು ಮಿಕ್ಸಿ ಕೊಳ್ಳಿ. ಮಿಕ್ಸಿ ಆಗಲೇ ಇದ್ದು, ನಾಲ್ಕು ಅಥವಾ ಹೆಚ್ಚು ಜನರಿಗೆ ವಾರಕ್ಕೆರಡು ಸಲ ಇಡ್ಲಿ, ದೋಸೆ ಆಗುವುದಾದರೆ, ಕಟ್ಟೆಯಲ್ಲಿ ಜಾಗವೂ ಇದ್ದರೆ, ಗ್ರೈಂಡರಿಗೆ ಹಾಕಿದ ಹಣ ದಂಡವಾಗದು. ಬಾಡಿಗೆ ಮನೆಯಲ್ಲಿದ್ದು ಹನ್ನೊಂದು ತಿಂಗಳಿಗೊಮ್ಮೆ ಸಾಮಾನು ಹೊರುವವರು ಸ್ವಂತ ನೆಲೆ ಆಗುವತನಕ ತಡೆಯುವುದೇ ಒಳ್ಳೆಯದು.

ಇನ್ನೂ ಅನುಮಾನವಿದ್ದರೆ ಶನಿವಾರ ಬೆಳಗ್ಗೆ ಹತ್ತರ ಮೇಲೆ ನೆನೆಸಿದ ಒಂದು ಪಾವು ಉದ್ದಿನಬೇಳೆ ಮತ್ತು ಎರಡು ಡಬ್ಬಿ ತನ್ನಿ. ಅಂಗಡಿಯಲ್ಲಿಯೇ ಅರ್ಧ ಅದರಲ್ಲಿ, ಅರ್ಧ ಇದರಲ್ಲಿ ರುಬ್ಬಿ ಕೊಡುತ್ತೇವೆ. ಮನೆಗೆ ಹೋಗಿ ಎರಡು ತಟ್ಟೆ ಇಡ್ಲಿ ಬೇಯಿಸಿ ತಿಂದು ನೋಡಿದ ಮೇಲೆ ಬಂದು ಕೊಳ್ಳಿ.