ನೂರನೇ ಮನೆಗೆ ಮಳೆನೀರು

ಎಲ್ಲರಿಗೂ ನಮಸ್ಕಾರ.

ಕಳೆದ ಗುರುವಾರ ಪಾವಗಡ ತಾಲ್ಲೂಕಿನ ಒಂದು ತಗಡಿನ ಶೀಟಿನ ಮನೆಗೆ ಮಳೆನೀರಿನ ಪೈಪು, ಫಿಲ್ಟರ್, ಟ್ಯಾಂಕು ಕೂರಿಸಿ ಬಂದೆವು. ಅದು ನಮ್ಮ ನೂರನೇ ಮನೆ. ಮಧುಗಿರಿಯ ಒಂದು ಸಣ್ಣ ಮಳಿಗೆಯಲ್ಲಿ ಇಬ್ಬರು ಪ್ಲಂಬರ್, ಒಬ್ಬರು ಗಾರೆ ಕೆಲಸದವರು, ಲೆಕ್ಕಪತ್ರಕ್ಕೆ ಒಬ್ಬರು, ಇಷ್ಟೇ ಜನ ಸೇರಿ ನಡೆಸುತ್ತಿರುವ ಕಸುಬು ನಮ್ಮದು. ನೂರು ಮನೆಯವರು ನಮ್ಮನ್ನು ನಂಬಿ ತಮ್ಮ ಕುಡಿಯುವ ನೀರನ್ನು ನಮ್ಮ ಕೈಗೆ ಕೊಟ್ಟಿದ್ದಾರೆ. ಅವರಿಗೆ ಕೈ ಮುಗಿದು, ಅವರಿಂದ ನಾವು ಕಲಿತದ್ದನ್ನು ಹೇಳೋಣ ಅಂತ ಈ ಬರಹ.

ನಮ್ಮ ಭಾಗದ ನೀರಿನ ಕಥೆ ಇಲ್ಲಿಯವರಿಗೆ ಹೊಸದಲ್ಲ. ಕೊಳವೆಬಾವಿ ಆಳಕ್ಕೆ ಹೋದಷ್ಟೂ ಎಷ್ಟೋ ಊರುಗಳಲ್ಲಿ ಫ್ಲೋರೈಡ್ ಕಾಟ. ಒಂದು ಲೀಟರ್ ನೀರಲ್ಲಿ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಆಗಬಹುದು ಎನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆ ನಾವೆಲ್ಲ ನೋಡಿದ್ದೇವೆ, ಹಿರಿಯರ ಬಗ್ಗದ ಮಂಡಿ, ಸೊಂಟವನ್ನೂ ನೋಡಿದ್ದೇವೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಊರಿನ ಶುದ್ಧ ನೀರಿನ ಘಟಕ ಇದ್ದರೆ ಕಾಯಿನ್ ಹಾಕಿ ಕ್ಯಾನ್ ಹೊತ್ತು ತರಬಹುದು. ಕರೆಂಟಿಲ್ಲದ ದಿನ, ಮೆಷಿನ್ ಕೆಟ್ಟ ವಾರ ಏನು ಮಾಡಬೇಕು? ಸೂರಿನ ಮೇಲೆ ಬೀಳುವ ಮಳೆಗೆ ಈ ಯಾವ ತಾಪತ್ರಯವೂ ಇಲ್ಲ.

ಈ ಕಸುಬಿನ ಅಕ್ಷರಾಭ್ಯಾಸ ನಮಗಾದದ್ದು ಬೆಂಗಳೂರಿನ ಜಯನಗರದಲ್ಲಿ ಜಲಮಂಡಳಿಯವರು ಮಾಡಿರುವ ಮಳೆನೀರು ಕೊಯ್ಲು ಕೇಂದ್ರದಲ್ಲಿ. ಅಲ್ಲಿನ ಮಾದರಿಗಳನ್ನು ನೋಡಿ, ಮಳೆನೀರನ್ನೇ ನೆಚ್ಚಿ ಮನೆ ನಡೆಸಿ ತೋರಿಸಿದ ಎ.ಆರ್. ಶಿವಕುಮಾರ್ ಅವರ ಕೆಲಸದ ಬಗ್ಗೆ ತಿಳಿದು ಧೈರ್ಯ ಬಂತು. ಆದರೆ ಪೈಪು ಎಲ್ಲಿ ತಿರುಗಬೇಕು, ನಲ್ಲಿ ಎಷ್ಟು ಎತ್ತರದಲ್ಲಿರಬೇಕು ಎನ್ನುವುದನ್ನು ಹೇಳಿಕೊಟ್ಟವರು ನಮ್ಮ ಗಿರಾಕಿಗಳೇ.

ಮೊದಲು ಲೆಕ್ಕದ ವಿಷಯ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 600 ಚದರಡಿ ಮನೆ ಎಂದರೆ ಸುಮಾರು 56 ಚದರ ಮೀಟರ್. ವರ್ಷಕ್ಕೆ 500 ಮಿ.ಮೀ. ಮಳೆ ಅಂತ ಹಿಡಿದು, ಐದರಲ್ಲಿ ಒಂದು ಪಾಲು ಸೋರಿಕೆಗೂ ಆವಿಗೂ ಬಿಟ್ಟರೂ 22,000 ಲೀಟರ್ ದಾಟುತ್ತದೆ. ಇಷ್ಟೂ ನೀರು ಹಿಡಿಯುವ ಟ್ಯಾಂಕು ಕಟ್ಟಲು ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರಿಗೆ ಜಾಗವೂ ಇಲ್ಲ, ದುಡ್ಡೂ ಇಲ್ಲ. ಕೊರಟಗೆರೆ ಕಡೆಯ ಒಬ್ಬ ಗೃಹಿಣಿ ಇದನ್ನು ಬಿಡಿಸಿದ ರೀತಿಯೇ ಈಗ ನಮ್ಮೆಲ್ಲ ಕೆಲಸಕ್ಕೂ ಆಧಾರ. ಅವರು ಚಾವಣಿ ಅಳೆಯಲಿಲ್ಲ, ಅಡುಗೆಮನೆಯ ಬಿಂದಿಗೆ ಎಣಿಸಿದರು. ಐದು ಜನಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ 50 ಲೀಟರ್. ಸ್ವಾತಿ ಮಳೆ ಮುಗಿದಲ್ಲಿಂದ ಮುಂಗಾರು ಹಿಡಿಯುವವರೆಗೆ ಆರು ತಿಂಗಳು. ಒಟ್ಟು 9,000 ಲೀಟರ್. ಸ್ನಾನ, ಬಟ್ಟೆ, ದನಕರುಗಳಿಗೆ ಬೋರಿನ ನೀರು ಇದ್ದೇ ಇದೆ. ಈಗ ನಾವು ಯಾವ ಮನೆಗೆ ಹೋದರೂ ಟೇಪು ಹೊರತೆಗೆಯುವ ಮೊದಲು ಅಡುಗೆಮನೆಯಲ್ಲಿ ಎಷ್ಟು ಬಿಂದಿಗೆ ಖರ್ಚು ಅಂತ ಕೇಳುತ್ತೇವೆ.

ಟ್ಯಾಂಕಿನ ಕೆಳಗಿನ ಕಟ್ಟೆ ಎರಡಡಿ ಇರಬೇಕು ಎನ್ನುವುದೂ ಹೀಗೇ ಬಂದದ್ದು. ನಲ್ಲಿ ಕೆಳಗೆ ಬಿಂದಿಗೆ ನೆಟ್ಟಗೆ ಕೂರಬೇಕು, ಓರೆ ಮಾಡಿ ಹಿಡಿದುಕೊಂಡು ನಿಲ್ಲುವಂತಿರಬಾರದು. ಪ್ಲಂಬಿಂಗ್ ಕೈಪಿಡಿಗಳಲ್ಲಿ ನಮ್ಮ ಕಣ್ಣಿಗೆ ಬೀಳದ ಮಾತಿದು, ನೀರು ಹೊರುವವರಿಗೆ ಮಾತ್ರ ಚೆನ್ನಾಗಿ ಗೊತ್ತು.

ಇನ್ನೊಂದು ಪಾಠ ಸಿರಾ ಹತ್ತಿರದ ಒಬ್ಬ ಅಜ್ಜಿಯದು. ಮೊದಲ ಮಳೆಯ ನೀರು ಚಾವಣಿಯ ಧೂಳು, ಹಕ್ಕಿ ಹಿಕ್ಕೆ ಎಲ್ಲವನ್ನೂ ತೊಳೆದು ತರುತ್ತದೆ. ಹಾಗಾಗಿ ಒಂದೆರಡು ಮಿಲಿಮೀಟರ್ ಮಳೆಯಷ್ಟು ನೀರನ್ನು, ಅಂದರೆ ಆ ಮನೆಯ ಲೆಕ್ಕಕ್ಕೆ ನೂರು ಲೀಟರ್ ಆಸುಪಾಸು, ಹೊರಗೆ ಬಿಡಬೇಕು. ಅದಕ್ಕೊಂದು ವಾಲ್ವ್ ಇರುತ್ತದೆ. ಅದನ್ನು ಎಲ್ಲಿ ಕೂರಿಸೋಣ ಎಂದು ಗುರುತು ಹಾಕುತ್ತಿದ್ದಾಗ ಅಜ್ಜಿ ಬಂದು ನಿಂತು, "ಮಗ ಬೆಂಗ್ಳೂರಾಗವ್ನೆ, ಸೊಸೆ ಗಾರ್ಮೆಂಟ್ಸಿಗೆ ಹೋಯ್ತಾಳೆ. ಮಳೆ ಬಂದಾಗ ಮನೇಲಿರಾಳು ನಾನೊಬ್ಳೇ. ನನ್ ಕೈಗೆ ಎಟಕಂಗೆ ಇಡಪ್ಪ" ಅಂದರು. ಅವತ್ತಿನಿಂದ ವಾಲ್ವ್ ಸೊಂಟದ ಎತ್ತರಕ್ಕೇ ಬರುತ್ತದೆ, ಹಿಡಿ ಉದ್ದದ್ದೇ ಹಾಕುತ್ತೇವೆ. ಅದಕ್ಕಿಂತ ಮುಖ್ಯವಾಗಿ, ದುಡ್ಡು ಕೊಡುವವರ ಜೊತೆ ಮಾತ್ರ ಮಾತಾಡಿ ಕೆಲಸ ಶುರು ಮಾಡುವುದಿಲ್ಲ. ಮಳೆ ಬಂದಾಗ ಮನೆಯಲ್ಲಿ ಯಾರಿರುತ್ತಾರೆ, ಫಿಲ್ಟರ್ ತೊಳೆಯುವವರು ಯಾರು ಅಂತ ತಿಳಿದುಕೊಂಡು ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಪೈಪು ಕೊಯ್ಯುತ್ತೇವೆ. ನಮ್ಮ ನೂರು ಮನೆಗಳಲ್ಲಿ ಇವತ್ತು ಚೆನ್ನಾಗಿ ನಡೆಯುತ್ತಿರುವುದೆಲ್ಲ ಹೀಗೆ ಒಬ್ಬರು ಮನಸ್ಸಿಟ್ಟು ನೋಡಿಕೊಳ್ಳುವ ಮನೆಗಳೇ. ನಾವು ಕೊಡುವ ಫಿಲ್ಟರಿನಲ್ಲಿ ಇರುವುದು ಜಲ್ಲಿ, ಮರಳು, ಇದ್ದಿಲು. ಅದನ್ನು ಕಾಲಕಾಲಕ್ಕೆ ತೊಳೆಯುವ ಕೈ ಆ ಮನೆಯದು.

ಶೇಂಗಾ ಸುಗ್ಗಿಯದೂ ಒಂದು ವಿಚಾರ ಉಂಟು. ಪಾವಗಡದ ಕಡೆ ಕಾಯಿ ಕಿತ್ತ ಮೇಲೆ ತಾರಸಿಯ ಮೇಲೇ ಒಣಗಲು ಹರಡುತ್ತಾರೆ. ಹಿಂಗಾರು ಮಳೆಯೂ ಅದೇ ಹೊತ್ತಿಗೆ. ಮಣ್ಣು, ಸಿಪ್ಪೆ ಎಲ್ಲ ಪೈಪಿಗೆ ಇಳಿಯುತ್ತದೆ. ತಾರಸಿಯ ಮೇಲೆ ಕಾಯಿ ಹರಡಬೇಡಿ ಎಂದು ರೈತನಿಗೆ ಹೇಳುವುದು ಸರಿಯಲ್ಲ. ತಾರಸಿಯ ನೀರಿನ ಕಿಂಡಿಗೆ ತಿರುಗಿಸಿ ಮುಚ್ಚುವ ಬಿರಡೆ ಮಾಡಿಕೊಡಿ ಎಂದು ಒಬ್ಬ ರೈತರೇ ಸೂಚಿಸಿದರು. ಈಗ ತಾರಸಿ ಮನೆಗಳಿಗೆಲ್ಲ ಅದನ್ನು ಸೇರಿಸುತ್ತೇವೆ, ಅದಕ್ಕೆ ಬೇರೆ ದುಡ್ಡಿಲ್ಲ.

"ಮಳೆನೀರು ಎಷ್ಟು ತಿಂಗಳು ಇಟ್ಟರೆ ಹುಳ ಆಗುತ್ತೆ?" ಎಂದು ಪ್ರತಿ ಮನೆಯಲ್ಲೂ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಟ್ಯಾಂಕಿನೊಳಗೆ ಬಿಸಿಲು ಬೀಳದಿದ್ದರೆ ಪಾಚಿ ಕಟ್ಟುವುದಿಲ್ಲ. ಮುಚ್ಚಳ ಬಿಗಿಯಾಗಿದ್ದು, ಹೆಚ್ಚುವರಿ ನೀರು ಹೋಗುವ ಪೈಪಿಗೆ ಸೊಳ್ಳೆ ಜಾಲರಿ ಇದ್ದರೆ ಹುಳಕ್ಕೆ ದಾರಿಯಿಲ್ಲ. ಆದರೂ ಬರೀ ನಮ್ಮ ಮಾತು ನಂಬಬೇಡಿ. ಒಂದು ಸಣ್ಣ ಪರೀಕ್ಷೆ ಬಾಟಲಿ ಕೊಡುತ್ತೇವೆ. ಅದಕ್ಕೆ ನೀರು ತುಂಬಿ ಒಂದೆರಡು ದಿನ ಇಡಿ. ಕಪ್ಪಾದರೆ ನೀರಿಗೆ ಮಲಿನ ಸೇರಿರಬಹುದು ಅಂತ ಅರ್ಥ, ಕಾಯಿಸಿಯೇ ಕುಡಿಯಬೇಕು, ನಮಗೂ ತಿಳಿಸಬೇಕು. ಕಪ್ಪಾಗದಿದ್ದರೂ ಎಳೆ ಮಕ್ಕಳಿರುವ ಮನೆಯಲ್ಲಿ ಕಾಯಿಸಿ ಕುಡಿಸಿ ಎಂದೇ ನಾವು ಹೇಳುತ್ತೇವೆ.

ನೂರನೇ ಮನೆಯವರು ಕಂತಿನಲ್ಲಿ ದುಡ್ಡು ಕೊಡುತ್ತಿದ್ದಾರೆ. ಟ್ಯಾಂಕು ಬಿಟ್ಟು ಉಳಿದ ಕೆಲಸಕ್ಕೆ ಆದದ್ದು 13,500 ರೂಪಾಯಿ. ಕೂಲಿ ಮಾಡುವವರಿಗೆ ಇದು ಹಗುರದ ಮೊತ್ತವಲ್ಲ ಎಂಬ ಅರಿವು ನಮಗಿದೆ. ಆದ್ದರಿಂದ ಇನ್ನು ಮುಂದೆ ಬಡ್ಡಿಯಿಲ್ಲದೆ ಹತ್ತು ಕಂತಿನವರೆಗೆ ಕೊಡುವ ಅವಕಾಶವನ್ನು ಎಲ್ಲರಿಗೂ ತೆರೆದಿದ್ದೇವೆ.

ಈಗಾಗಲೇ ನಮ್ಮಿಂದ ಕೆಲಸ ಮಾಡಿಸಿದ ನೂರೂ ಮನೆಗಳಿಗೆ ಈ ಮುಂಗಾರಿಗೆ ಮೊದಲು ನಾವೇ ಬಂದು ಫಿಲ್ಟರ್ ಬಿಚ್ಚಿ ತೊಳೆದು, ಇದ್ದಿಲು ಬದಲಿಸಿ, ನೀರು ಪರೀಕ್ಷೆ ಮಾಡಿಕೊಡುತ್ತೇವೆ. ಯಾವ ಶುಲ್ಕವೂ ಇಲ್ಲ. ಸಿರಾ, ಕೊರಟಗೆರೆ ಕಡೆಯಿಂದ ಶುರು, ಆಮೇಲೆ ಮಧುಗಿರಿ, ಕೊನೆಗೆ ಪಾವಗಡ. ಬರುವ ಹಿಂದಿನ ದಿನ ಫೋನ್ ಮಾಡುತ್ತೇವೆ, ಫಿಲ್ಟರ್ ತೊಳೆಯುವವರು ಮನೆಯಲ್ಲಿದ್ದರೆ ಒಳ್ಳೆಯದು. ಹೊಸದಾಗಿ ಮಾಡಿಸಬೇಕು ಎನ್ನುವವರು ಅಂಗಡಿಗೆ ಬರುವಾಗ ಚಾವಣಿಯ ಉದ್ದ ಅಗಲ, ಮನೆಯಲ್ಲಿರುವ ಜನ, ದಿನಕ್ಕೆ ಎಷ್ಟು ಬಿಂದಿಗೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ಭಾನುವಾರ ಬಿಟ್ಟು ಎಲ್ಲ ದಿನವೂ ತೆರೆದಿರುತ್ತದೆ.