ವಿಮರ್ಶಕರ ವರದಿ: ಮಳೆಯಾಶ್ರಿತ ರಾಗಿಗೆ ಅಜೋಸ್ಪಿರಿಲಂ ಬೀಜೋಪಚಾರ

ಶಿಫಾರಸು: ದೊಡ್ಡ ತಿದ್ದುಪಡಿ, ಬಳಿಕ ಮರುಪರಿಶೀಲನೆ

ಲೇಖಕರಿಗೆ,

ಸ್ಥಳೀಯ ಕೆಂಪು ಮಣ್ಣಿನಿಂದ ಬೇರ್ಪಡಿಸಿದ ಅಜೋಸ್ಪಿರಿಲಂ ಬಳಸಿದರೆ ಜಿಪಿಯು-28 ರಾಗಿಗೆ ಸಾರಜನಕವನ್ನು ಅರ್ಧಕ್ಕೆ ಇಳಿಸಬಹುದು ಎಂಬುದು ನಿಮ್ಮ ವಾದ. ಪ್ರಶ್ನೆ ಒಳ್ಳೆಯದು, ತಾಕುಗಳ ಕೆಲಸವೂ ಅಚ್ಚುಕಟ್ಟು. ಆದರೆ ಈ ಪ್ರಯೋಗದಿಂದ ಆ ಮಾತು ಹೊರಡುವುದಿಲ್ಲ.

ಮೊದಲ ತೊಡಕು ಉಪಚಾರಗಳ ಪಟ್ಟಿಯಲ್ಲೇ ಇದೆ. ಅರ್ಧ ಸಾರಜನಕ ಮತ್ತು ಅಜೋಸ್ಪಿರಿಲಂ ಎರಡೂ ಇರುವ ತಾಕು ಇದೆ. ಜೀವಾಣುವಿಲ್ಲದೆ ಅರ್ಧ ಸಾರಜನಕ ಮಾತ್ರ ಕೊಟ್ಟ ತಾಕು ಇಲ್ಲ. ಹಾಗಿರುವಾಗ ಇಳುವರಿಯ ಶ್ರೇಯ ಜೀವಾಣುವಿಗೋ ಮಣ್ಣಿಗೋ? ಎಲ್ಲ ತಾಕುಗಳಿಗೂ ಹೆಕ್ಟೇರಿಗೆ 7.5 ಟನ್ ಕೊಟ್ಟಿಗೆ ಗೊಬ್ಬರ ಹಾಕಿದ್ದೀರಿ. ಅದರಲ್ಲಿ ಶೇ 0.5 ಸಾರಜನಕವೆಂದು ಹಿಡಿದರೂ 37.5 ಕೆ.ಜಿ. ಆಯಿತು, ನೀವು ಉಳಿಸಿದ್ದು 25 ಕೆ.ಜಿ. ಗೊಬ್ಬರದ ಸಾರಜನಕವೆಲ್ಲ ಅದೇ ವರ್ಷ ಬೆಳೆಗೆ ಸಿಗದು, ನಿಜ. ಆದರೂ ಲೆಕ್ಕದಿಂದ ಬಿಡುವಂತಿಲ್ಲ.

ಕೋಷ್ಟಕ 3 ನೋಡಿ. 5 ಉಪಚಾರ, 3 ಪುನರಾವರ್ತನೆಗೆ ದೋಷದ ಡಿ.ಎಫ್. 8 ಇರಬೇಕು, ನೀವು ಕೊಟ್ಟಿರುವುದು 68. ಪ್ರತಿ ತಾಕಿನಲ್ಲಿ ಕೊಯ್ದ ತಲಾ ಒಂದು ಚದರ ಮೀಟರಿನ 5 ಮಾದರಿಗಳನ್ನೇ ಪುನರಾವರ್ತನೆಗಳೆಂದು ಎಣಿಸಿದಂತಿದೆ. ಗೊಬ್ಬರ ಹಾಕಿದ್ದು ತಾಕಿಗೆ, ಚದರ ಮೀಟರಿಗಲ್ಲ. ಐದರ ಸರಾಸರಿ ತೆಗೆದು 15 ಅಂಕಿಗಳ ಮೇಲೆ ಅನೋವಾ ಮತ್ತೆ ಮಾಡಿ. ತಾಕುವಾರು ದತ್ತಾಂಶವನ್ನು ಅನುಬಂಧದಲ್ಲಿ ಕೊಡಿ.

ಪೂರ್ಣ ಸಾರಜನಕಕ್ಕೆ ಇಳುವರಿ 2,610 ಕೆ.ಜಿ., ಅರ್ಧ ಸಾರಜನಕ ಮತ್ತು ಅಜೋಸ್ಪಿರಿಲಂಗೆ 2,480. ವ್ಯತ್ಯಾಸ 130, ಸಿ.ಡಿ. 245. ಇಷ್ಟರಿಂದಲೇ ಇಳುವರಿ 'ಸಮ' ಎಂದಿದ್ದೀರಿ. ನಿಮ್ಮದೇ ಸಿ.ಡಿ. ಹಿಡಿದರೆ ನಿಜವಾದ ನಷ್ಟ 375 ಕೆ.ಜಿ.ವರೆಗೂ ಇರಬಹುದು, ಅಂದರೆ ಶೇ 14. ವ್ಯತ್ಯಾಸ ಕಾಣಲಿಲ್ಲ ಎನ್ನುವುದು ಬೇರೆ, ವ್ಯತ್ಯಾಸವಿಲ್ಲ ಎನ್ನುವುದು ಬೇರೆ. ಜೊತೆಗೆ ಇದು 2023ರ ಮುಂಗಾರಿನ ಒಂದೇ ಹಂಗಾಮು, ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ ವರ್ಷ. ತೇವ ಸಾಲದಿದ್ದಾಗ ಪೂರ್ಣ ಗೊಬ್ಬರಕ್ಕೂ ಬೆಳೆ ಸ್ಪಂದಿಸದು. ಹಾಗಾಗಿ ಅರ್ಧವೇ ಸಾಕಾದಂತೆ ತೋರುತ್ತದೆ. ನಿಮ್ಮ ಜಮೀನಿನ ಮಳೆ ವಿವರ ಕೊಡಿ.

ಶೀರ್ಷಿಕೆಯ 'ಸಾರಜನಕ ಸ್ಥಿರೀಕರಣದಿಂದ' ಎಂಬ ಪದ ತೆಗೆಯಿರಿ. ಅಸಿಟಲೀನ್ ಪರೀಕ್ಷೆ ನಡೆದದ್ದು ಪ್ರಯೋಗಾಲಯದ ಕಲ್ಚರಿನಲ್ಲಿ, ಹೊಲದಲ್ಲಲ್ಲ. ಈ ಜೀವಾಣು ಐಎಎ ಸ್ರವಿಸಿ ಬೇರು ಬೆಳೆಸುವುದೂ ಗೊತ್ತಿರುವ ವಿಷಯ. ಲಾಭ ಅಲ್ಲಿಂದಲೂ ಬಂದಿರಬಹುದು.

'ಮೊದಲ ಬಾರಿಗೆ' ಎಂಬುದು ನಿಲ್ಲುವುದಿಲ್ಲ. ಧಾನ್ಯದ ಬೆಳೆಗಳಿಗೆ ಅಜೋಸ್ಪಿರಿಲಂ ದಶಕಗಳ ಹಳೆಯ ವಿಷಯ. ಹೊಸದೇನಾದರೂ ಇದ್ದರೆ ನಿಮ್ಮ ಜೀವಾಣು ತಳಿಯಲ್ಲಿದೆ. ಹಾಗಾದರೆ ಮಾರುಕಟ್ಟೆಯ ಅಜೋಸ್ಪಿರಿಲಂ ಜೊತೆ ಹೋಲಿಸಬೇಕಿತ್ತು. ಬಿತ್ತುವ ದಿನ ಪ್ರತಿ ಗ್ರಾಂ ವಾಹಕದಲ್ಲಿ ಎಷ್ಟು ಜೀವಂತ ಕೋಶಗಳಿದ್ದವು ಎಂದೂ ಬರೆದಿಲ್ಲ.

ಕಾಣೆಯಾದ ತಾಕನ್ನು ಸೇರಿಸಿ ಇನ್ನೊಂದು ಹಂಗಾಮು ಬೆಳೆಯುವುದೇ ಸರಿ. ಆಗದಿದ್ದರೆ ರೈತರಿಗೆ ಕೊಟ್ಟ ಶಿಫಾರಸಿನ ಪ್ಯಾರಾ ಕೈಬಿಟ್ಟು, ಇದನ್ನು ಪ್ರಾಥಮಿಕ ವರದಿಯಾಗಿ ಸಲ್ಲಿಸಿ.