ನಿಮ್ಮ ಕ್ಯಾಶ್‌ಬ್ಯಾಕ್ ಯಾವಾಗ ಜಮೆಯಾಗುತ್ತದೆ, ಎಲ್ಲಿಯವರೆಗೆ ಬಳಸಬಹುದು

ನಮಸ್ಕಾರ,

ನಮ್ಮ ಲಾಯಲ್ಟಿ ಸದಸ್ಯರಾದ ನಿಮಗೆ ಪ್ರತಿ ಖರೀದಿಯ ಮೇಲೆ ಶೇ. 5ರಷ್ಟು ಕ್ಯಾಶ್‌ಬ್ಯಾಕ್ ಸಿಗುತ್ತದೆ. ತೆರಿಗೆ, ಡೆಲಿವರಿ ಶುಲ್ಕ ಮತ್ತು ಗಿಫ್ಟ್ ಕಾರ್ಡ್‌ಗಳಿಗೆ ಇದು ಅನ್ವಯಿಸುವುದಿಲ್ಲ.

ಯಾವಾಗ ಜಮೆ?

ಆರ್ಡರ್ ಮಾಡಿದ ತಕ್ಷಣ ಮೊತ್ತ ನಿಮ್ಮ ಖಾತೆಯಲ್ಲಿ ಕಾಣಿಸುತ್ತದೆ, ಆದರೆ ಪಕ್ಕದಲ್ಲಿ ‘ಬಾಕಿ’ ಎಂದಿರುತ್ತದೆ. ಅದನ್ನು ಆಗಲೇ ಬಳಸಲು ಬರುವುದಿಲ್ಲ. ವಸ್ತು ಕೈಸೇರಿದ ಮರುದಿನದಿಂದ 14 ದಿನ ಅದನ್ನು ಹಿಂದಿರುಗಿಸಲು ನಿಮಗೆ ಅವಕಾಶವಿದೆ. ಆ ಅವಧಿ ಮುಗಿದು 15ನೇ ದಿನ ಕ್ಯಾಶ್‌ಬ್ಯಾಕ್ ಜಮೆಯಾಗಿ ‘ಬಳಸಬಹುದು’ ಎಂದು ಬದಲಾಗುತ್ತದೆ. ಕಾಯಬೇಕಾಗುವುದು ಇದೊಂದೇ ಕಾರಣಕ್ಕೆ. ಆರ್ಡರ್‌ನ ಒಂದು ಭಾಗವನ್ನಷ್ಟೇ ಹಿಂದಿರುಗಿಸಿದರೆ, ಉಳಿಸಿಕೊಂಡ ವಸ್ತುಗಳ ಕ್ಯಾಶ್‌ಬ್ಯಾಕ್ ಮಾತ್ರ ಜಮೆಯಾಗುತ್ತದೆ.

ಯಾವಾಗ ಮುಗಿಯುತ್ತದೆ?

ಜಮೆಯಾದ ದಿನವೂ ಸೇರಿ 90 ದಿನ. ಕೊನೆಯ ದಿನ ರಾತ್ರಿ 11:59ರ ನಂತರ ಉಳಿದ ಮೊತ್ತ ತಾನಾಗಿಯೇ ರದ್ದಾಗುತ್ತದೆ, ಮತ್ತೆ ಸೇರಿಸಲಾಗುವುದಿಲ್ಲ. ಲೆಕ್ಕ ಶುರುವಾಗುವುದು ಜಮೆಯಾದ ದಿನದಿಂದ, ಖರೀದಿಸಿದ ದಿನದಿಂದಲ್ಲ. ಹೆಚ್ಚಿನವರಿಗೆ ಗೊಂದಲವಾಗುವುದು ಇಲ್ಲೇ, ಹಾಗಾಗಿ ಒಂದು ಉದಾಹರಣೆ:

ವಸ್ತು ನಿಮಗೆ ತಲುಪಿದ್ದು ಮಾರ್ಚ್ 3
ಹಿಂದಿರುಗಿಸಲು ಕೊನೆಯ ದಿನ ಮಾರ್ಚ್ 17
ಕ್ಯಾಶ್‌ಬ್ಯಾಕ್ ಜಮೆ ಮಾರ್ಚ್ 18
ಬಳಸಲು ಕೊನೆಯ ದಿನ ಜೂನ್ 15

ಪ್ರತಿ ಖರೀದಿಯ ಕ್ಯಾಶ್‌ಬ್ಯಾಕ್‌ಗೂ ಅದರದೇ ಕೊನೆಯ ದಿನಾಂಕವಿರುತ್ತದೆ. ಹೊಸದಾಗಿ ಏನಾದರೂ ಕೊಂಡರೆ ಹಳೆಯದರ ಅವಧಿ ಮುಂದಕ್ಕೆ ಹೋಗುವುದಿಲ್ಲ. ಆದರೆ ಬಳಸುವಾಗ ಮೊದಲು ಮುಗಿಯಲಿರುವ ಮೊತ್ತವೇ ಮೊದಲು ಕಡಿತವಾಗುತ್ತದೆ, ನೀವು ಆರಿಸಬೇಕಿಲ್ಲ. ಅವಧಿ ಮುಗಿಯುವ 7 ದಿನ ಮೊದಲು ಒಂದು ಎಸ್‌ಎಂಎಸ್ ಕಳುಹಿಸುತ್ತೇವೆ. ಅದು ನೆನಪಿಗಾಗಿ ಮಾತ್ರ. ಸಂದೇಶ ತಲುಪದಿದ್ದರೂ ಕೊನೆಯ ದಿನಾಂಕ ಬದಲಾಗುವುದಿಲ್ಲ.

ಕ್ಯಾಶ್‌ಬ್ಯಾಕ್ ಬಳಸಿ ಕೊಂಡ ವಸ್ತುವನ್ನು ಹಿಂದಿರುಗಿಸಿದರೆ ಆ ಮೊತ್ತ ಹಳೆಯ ಕೊನೆಯ ದಿನಾಂಕದೊಂದಿಗೇ ಖಾತೆಗೆ ಮರಳುತ್ತದೆ. ಅಷ್ಟರಲ್ಲಿ ಅವಧಿ ಮುಗಿದಿದ್ದರೆ, ಮರಳಿದ ದಿನವೂ ಸೇರಿ 7 ದಿನ ಹೆಚ್ಚುವರಿ ಸಮಯ ಸಿಗುತ್ತದೆ.

ಕ್ಯಾಶ್‌ಬ್ಯಾಕ್ ಮೊತ್ತವನ್ನು ನಗದಾಗಿ ಪಡೆಯಲು ಅಥವಾ ಬೇರೆಯವರ ಖಾತೆಗೆ ವರ್ಗಾಯಿಸಲು ಆಗುವುದಿಲ್ಲ. ಮುಂದಿನ ಯಾವುದೇ ಬಿಲ್‌ನಲ್ಲಿ ಪೂರ್ತಿಯಾಗಿ ಅಥವಾ ಸ್ವಲ್ಪಸ್ವಲ್ಪವಾಗಿ ಬಳಸಿಕೊಳ್ಳಬಹುದು.

ಎಷ್ಟಿದೆ, ಎಲ್ಲಿಯವರೆಗಿದೆ ಎಂದು ನೋಡಲು ಆ್ಯಪ್‌ನಲ್ಲಿ ‘ನನ್ನ ಖಾತೆ’ ತೆರೆದು ‘ಕ್ಯಾಶ್‌ಬ್ಯಾಕ್’ ಒತ್ತಿ. ಜಮೆಯಾಗಬೇಕಿದ್ದ ದಿನ ಕಳೆದು 2 ದಿನವಾದರೂ ‘ಬಾಕಿ’ ಎಂದೇ ಇದ್ದರೆ, ಅದೇ ಪುಟದ ‘ಸಹಾಯ’ ಗುಂಡಿಯಿಂದ ಆರ್ಡರ್ ಸಂಖ್ಯೆ ಕಳುಹಿಸಿ. ತಪ್ಪು ನಮ್ಮ ಕಡೆಯದಾಗಿದ್ದರೆ, 90 ದಿನಗಳ ಲೆಕ್ಕವನ್ನು ಮೊತ್ತ ನಿಜವಾಗಿ ಜಮೆಯಾದ ದಿನದಿಂದಲೇ ಹಾಕುತ್ತೇವೆ.

ಸದಸ್ಯರ ಸೇವಾ ವಿಭಾಗ